ತೋಟ ಮಾರಿದ ದುಡ್ಡು ಎಲ್ಲಿಡಬೇಕು? ಮೊದಲು ತೋಟ ಎಲ್ಲಿತ್ತು ನೋಡಿ

ಮಲೆನಾಡಿನಲ್ಲಿ ಅಡಿಕೆ ತೋಟ ಮಾರುವ ಮಾತು ಈಗ ಮನೆಯೊಳಗಿನ ಗುಟ್ಟಾಗಿ ಉಳಿದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ್ದಾರೆ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮನಿಗೆ ಅಡಿಕೆ ಗೊನೆ ಇಳಿಸುವ ಕೊನೆಗಾರರಿಗೆ ಫೋನ್ ಮಾಡಿ ಮಾಡಿ ಸಾಕಾಗಿದೆ. ಎಲೆಚುಕ್ಕೆ ರೋಗ ಬಂದ ಮೇಲೆ ಔಷಧಿ ಹೊಡೆಸುವ ಖರ್ಚು ಬೇರೆ. ಇತ್ತ ಕೊಳ್ಳುವವರೂ ಜಾಸ್ತಿಯಾಗಿದ್ದಾರೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಬೆಂಗಳೂರಿನ ನೋಂದಣಿಯ ಕಾರುಗಳು ತೋಟದ ದಾರಿಯಲ್ಲಿ ಬಂದು ನಿಲ್ಲುತ್ತಿವೆ.

ಮಾರಬೇಕೋ ಬೇಡವೋ ಅನ್ನುವುದು ಆಯಾ ಮನೆಯವರ ತೀರ್ಮಾನ. ಅದರ ಬಗ್ಗೆ ನಾನಿಲ್ಲಿ ಮಾತಾಡುವುದಿಲ್ಲ. ಮಾರುವುದು ನಿಕ್ಕಿಯಾದ ಮೇಲೆ ಆಗುವ ಎರಡು ನಷ್ಟಗಳ ಬಗ್ಗೆ ಹೇಳಬೇಕಿದೆ. ಒಂದು, ಕಟ್ಟಬೇಕಿಲ್ಲದ ತೆರಿಗೆಯನ್ನು ತಾವಾಗಿಯೇ ಮೈಮೇಲೆ ಎಳೆದುಕೊಳ್ಳುವುದು. ಇನ್ನೊಂದು, ಎರಡು ತಲೆಮಾರು ಬೆಳೆಸಿದ್ದನ್ನು ಎರಡೇ ತಿಂಗಳಲ್ಲಿ ಒಂದೇ ಕಡೆ ಸುರಿಯುವುದು. ಎರಡನ್ನೂ ತಪ್ಪಿಸಬಹುದು. ಆದರೆ ಕ್ರಯಪತ್ರಕ್ಕೆ ಸಹಿ ಬೀಳುವ ಮೊದಲೇ ಯೋಚನೆ ಶುರುವಾಗಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ತೀರ್ಥಹಳ್ಳಿ ಪಟ್ಟಣದಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ನಾಲ್ಕು ಎಕರೆ ಅಡಿಕೆ ತೋಟ. ಅಪ್ಪ 1985ರಲ್ಲಿ ಸ್ವಂತ ದುಡಿಮೆಯಿಂದ ಕೊಂಡದ್ದು. ಉಯಿಲು ಬರೆಯದೆ ತೀರಿಕೊಂಡರು. ಈಗ ಹಕ್ಕುದಾರರು ನಾಲ್ವರು: 68 ವರ್ಷದ ಅಮ್ಮ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಿರಿಯ ಮಗ, ಸಾಗರಕ್ಕೆ ಮದುವೆಯಾಗಿ ಹೋದ ಮಗಳು, ಶಿವಮೊಗ್ಗದಲ್ಲಿ ಅಂಗಡಿ ಇಟ್ಟ ಕಿರಿಯ ಮಗ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ನಾಲ್ವರಿಗೂ ಸಮಪಾಲು. ಎಕರೆಗೆ 40 ಲಕ್ಷದಂತೆ ಒಟ್ಟು 1 ಕೋಟಿ 60 ಲಕ್ಷಕ್ಕೆ ಮಾತಾಗಿದೆ, ಅಂದರೆ ತಲೆಗೆ 40 ಲಕ್ಷ. ವ್ಯವಹಾರ 2025-26ರ ಸಾಲಿನದು ಅಂತಿಟ್ಟುಕೊಳ್ಳಿ.

ತೆರಿಗೆ ನಿಂತಿರುವುದು ಗಡಿಯ ಮೇಲೆ

ಆದಾಯ ತೆರಿಗೆ ಕಾನೂನಿನ ಪ್ರಕಾರ ಗ್ರಾಮೀಣ ಕೃಷಿ ಭೂಮಿ 'ಬಂಡವಾಳ ಆಸ್ತಿ'ಯೇ ಅಲ್ಲ. ಬಂಡವಾಳ ಆಸ್ತಿ ಅಲ್ಲದ ಮೇಲೆ ಅದನ್ನು ಮಾರಿದಾಗ ಬಂಡವಾಳ ಲಾಭದ ತೆರಿಗೆಯ ಪ್ರಶ್ನೆಯೂ ಇಲ್ಲ. ಬಂದ ದುಡ್ಡನ್ನು ಮತ್ತೆ ಜಮೀನಿಗೇ ಹಾಕಬೇಕು, ಮನೆಯನ್ನೇ ಕೊಳ್ಳಬೇಕು, ಬಾಂಡ್ ಮಾಡಿಸಲೇಬೇಕು ಅನ್ನುವ ಯಾವ ಷರತ್ತೂ ಇಲ್ಲ. ಇದು ವಿನಾಯಿತಿಗಿಂತ ದೊಡ್ಡದು. ವಿನಾಯಿತಿಗೆ ಅರ್ಜಿ, ಗಡುವು ಎಲ್ಲ ಇರುತ್ತದೆ, ಇದಕ್ಕೆ ಅವು ಯಾವುದೂ ಇಲ್ಲ.

ಹಾಗಾದರೆ ಗ್ರಾಮೀಣ ಅಂದರೆ ಯಾವುದು? ಹಳ್ಳಿಯಲ್ಲಿದ್ದರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಷ್ಟು ಸಾಲದು. ಹತ್ತಿರದ ಪಟ್ಟಣದ ಜನಸಂಖ್ಯೆ ನೋಡಬೇಕು. 10 ಸಾವಿರದಿಂದ 1 ಲಕ್ಷದವರೆಗಿನ ಜನಸಂಖ್ಯೆಯ ಪಟ್ಟಣವಾದರೆ ಅದರ ಗಡಿಯಿಂದ 2 ಕಿಲೋಮೀಟರ್ ಒಳಗಿನ ಜಮೀನು ನಗರ ಜಮೀನು. 1 ಲಕ್ಷದಿಂದ 10 ಲಕ್ಷವಾದರೆ 6 ಕಿಲೋಮೀಟರ್. ಅದಕ್ಕೂ ಮೇಲ್ಪಟ್ಟರೆ 8 ಕಿಲೋಮೀಟರ್. ನಮ್ಮ ಕಡೆಗೆ ಇದನ್ನು ಅನ್ವಯಿಸಿದರೆ, 2011ರ ಜನಗಣತಿಯಂತೆ ಶಿವಮೊಗ್ಗ ನಗರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು, ಭದ್ರಾವತಿಯಲ್ಲಿ ಸುಮಾರು ಒಂದೂವರೆ ಲಕ್ಷ ಜನ. ಎರಡಕ್ಕೂ 6 ಕಿಲೋಮೀಟರ್ ನಿಯಮ. ಸಾಗರ, ತೀರ್ಥಹಳ್ಳಿಗೆ 2 ಕಿಲೋಮೀಟರ್. ಪಟ್ಟಣದ ಆಡಳಿತ ಗಡಿಯ ಒಳಗೇ ಇರುವ ಗದ್ದೆ, ತೋಟ ನಗರ ಜಮೀನೇ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ದೂರ ಅಳೆಯುವುದು ಬಸ್ ಸ್ಟ್ಯಾಂಡಿನಿಂದಲ್ಲ, ಪಟ್ಟಣದ ಗಡಿಯಿಂದ. ಅಳೆಯುವುದು ರಸ್ತೆಯ ದೂರವನ್ನಲ್ಲ, ನೇರ ಗೆರೆಯ ದೂರವನ್ನು. ಮಲೆನಾಡಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಗುಡ್ಡ ಸುತ್ತಿ, ಹಳ್ಳ ದಾಟಿ ಹೋಗುವ ರಸ್ತೆ ಒಂಬತ್ತು ಕಿಲೋಮೀಟರ್ ತೋರಿಸಿದರೆ ನೇರ ಗೆರೆಯಲ್ಲಿ ಅದು ಐದೂವರೆ ಇರಬಹುದು. ಸವಳಂಗ ರಸ್ತೆ, ಸಾಗರ ರಸ್ತೆ, ಸೋಗಾನೆ ವಿಮಾನ ನಿಲ್ದಾಣದ ಕಡೆ ಜಮೀನು ಇರುವವರು 'ನಮ್ಮದು ಹಳ್ಳಿ' ಅಂತ ನಂಬಿ ಕೂರದೆ, ಮೊದಲು ನಕ್ಷೆಯ ಮೇಲೆ ನಗರಪಾಲಿಕೆ ಗಡಿಯಿಂದ ಗೆರೆ ಎಳೆದು ನೋಡಬೇಕು. ಅಂಚಿನಲ್ಲಿದ್ದರೆ ತಾಲ್ಲೂಕು ಕಚೇರಿಯಿಂದ ದೂರದ ದೃಢೀಕರಣವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು, ಅದೂ ಮಾರುವ ಮೊದಲು. ಮುಂದೆ ಹೊಸ ಜನಗಣತಿಯ ಅಂಕಿ ಪ್ರಕಟವಾದಾಗ ಕೆಲವು ಸಣ್ಣ ಪಟ್ಟಣಗಳು 10 ಸಾವಿರ ದಾಟಬಹುದು. ಆಗ ಅವುಗಳ ಸುತ್ತಲಿನ ಎರಡು ಕಿಲೋಮೀಟರ್ ಜಮೀನಿನ ಲೆಕ್ಕವೂ ಬದಲಾಗುತ್ತದೆ.

ನಮ್ಮ ಉದಾಹರಣೆಯ ತೋಟ ತೀರ್ಥಹಳ್ಳಿಯ ಗಡಿಯಿಂದ ಬಹಳ ಆಚೆ ಇದೆ. ಪಹಣಿಯಲ್ಲಿ ಅಡಿಕೆ ಬೆಳೆ ನಮೂದಾಗಿದೆ. ಹಾಗಾಗಿ 1 ಕೋಟಿ 60 ಲಕ್ಷಕ್ಕೆ ತೆರಿಗೆ ಸೊನ್ನೆ. ಕೊಳ್ಳುವವರು ಕೊಡುವ ದುಡ್ಡಿನಲ್ಲಿ ತೆರಿಗೆಯೆಂದು ಶೇ 1ರ ಟಿಡಿಎಸ್ ಹಿಡಿಯಬೇಕಾಗಿಯೂ ಇಲ್ಲ, ಯಾಕೆಂದರೆ ಆ ನಿಯಮದಿಂದಲೂ ಗ್ರಾಮೀಣ ಕೃಷಿ ಭೂಮಿಯನ್ನು ಹೊರಗಿಟ್ಟಿದ್ದಾರೆ.

ಒಂದು ಸಹಿಯ ಬೆಲೆ

ಈಗ ಕೊಳ್ಳುವವರು ಒಂದು ಮಾತು ಹೇಳುತ್ತಾರೆ. 'ನಾವು ಇಲ್ಲಿ ಹೋಮ್‌ಸ್ಟೇ ಮಾಡಬೇಕು. ನಿಮ್ಮ ಹೆಸರಲ್ಲೇ ಕನ್ವರ್ಷನ್ ಮಾಡಿಸಿ ಕೊಡಿ, ಖರ್ಚು ನಾವೇ ಹಾಕಿಕೊಳ್ತೇವೆ.' ಖರ್ಚು ಅವರದೇ ಅಲ್ವಾ ಅಂತ ಮನೆಯವರು ಒಪ್ಪಿಬಿಡುತ್ತಾರೆ. ಮಲೆನಾಡಿನ ಜಮೀನು ವ್ಯವಹಾರಗಳಲ್ಲಿ ಅತಿ ದುಬಾರಿಯಾಗಿ ಪರಿಣಮಿಸುವ ಒಪ್ಪಿಗೆ ಇದು.

ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ ಬಂದ ದಿನದಿಂದ ಆ ಜಮೀನು ದಾಖಲೆಯಲ್ಲಿ ಕೃಷಿಯೇತರ. ಅದರ ಮೇಲೆ ಅಡಿಕೆ ಮರ ನಿಂತಿದ್ದರೂ 'ನಾವು ಮಾರಿದ್ದು ಕೃಷಿ ಭೂಮಿ' ಅಂತ ವಾದಿಸುವುದು ತುಂಬಾ ಕಷ್ಟ. ತೆರಿಗೆ ಇಲ್ಲದ ಆಸ್ತಿ ರಾತ್ರೋರಾತ್ರಿ ತೆರಿಗೆಯ ಆಸ್ತಿಯಾಗುತ್ತದೆ.

ಎಷ್ಟು ತೆರಿಗೆ ಅಂತ ಲೆಕ್ಕ ಹಾಕೋಣ. ಪಿತ್ರಾರ್ಜಿತವಾಗಿ ಬಂದ ಆಸ್ತಿಗೆ ಹಿಂದಿನ ಮಾಲೀಕರು ಕೊಂಡ ಬೆಲೆಯೇ ಮೂಲ ಬೆಲೆ. ಅವರು 2001ಕ್ಕಿಂತ ಮೊದಲೇ ಕೊಂಡಿದ್ದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಆದರೆ ಅದು ಅಂದಿನ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. ಆಗಿನ ಮಾರ್ಗಸೂಚಿ ಬೆಲೆ ಎಕರೆಗೆ 2 ಲಕ್ಷ ಇತ್ತು ಅಂತಿಟ್ಟುಕೊಂಡರೆ ನಾಲ್ಕು ಎಕರೆಗೆ 8 ಲಕ್ಷ, ಒಬ್ಬೊಬ್ಬರ ಪಾಲಿಗೆ 2 ಲಕ್ಷ. ಬಂದದ್ದು 40 ಲಕ್ಷ, ಲಾಭ 38 ಲಕ್ಷ. ಅದರ ಮೇಲೆ ಶೇ 12.5 ಅಂದರೆ 4 ಲಕ್ಷ 75 ಸಾವಿರ, ಸೆಸ್ ಸೇರಿ 4 ಲಕ್ಷ 94 ಸಾವಿರ. ಬೆಲೆಯೇರಿಕೆ ಸೂಚ್ಯಂಕ ಹಿಡಿದು ಶೇ 20 ಕಟ್ಟುವ ಹಳೆಯ ದಾರಿಯೂ 2024ರ ಜುಲೈ 23ಕ್ಕಿಂತ ಮುಂಚಿನ ಆಸ್ತಿಗೆ ತೆರೆದಿದೆ. ಸೂಚ್ಯಂಕ 376 ಹಿಡಿದರೆ 2 ಲಕ್ಷದ ಮೂಲ ಬೆಲೆ 7 ಲಕ್ಷ 52 ಸಾವಿರಕ್ಕೆ ಏರುತ್ತದೆ. ಆದರೂ ತೆರಿಗೆ ಆರೂವರೆ ಲಕ್ಷದ ಹತ್ತಿರ ಬರುವುದರಿಂದ ಈ ಮನೆಗೆ ಅದರಿಂದ ಉಪಯೋಗವಿಲ್ಲ. ಬೇರೆ ಆದಾಯವಿಲ್ಲದ ಅಮ್ಮನ ಪಾಲಿನಲ್ಲಿ ಸ್ವಲ್ಪ ಕಡಿಮೆಯಾದೀತು. ಅದನ್ನು ಬಿಟ್ಟರೂ ಮನೆಗೆಲ್ಲ ಸೇರಿ 19 ಲಕ್ಷದ ಮೇಲೆ. ಅರ್ಧ ಎಕರೆ ತೋಟದ ಬೆಲೆ ಒಂದು ಸಹಿಗೆ ಹೋಯಿತು.

ಇದಕ್ಕೆ ಪರಿಹಾರ ಸರಳ. ತೋಟವನ್ನು ತೋಟವಾಗಿಯೇ ಮಾರಿ. ಕೊಳ್ಳುವವರು ಕೃಷಿಕರಲ್ಲ ಅನ್ನುವುದು ಈಗ ಅಡ್ಡಿಯಲ್ಲ, 79ಎ, 79ಬಿ ಹೋಗಿ ವರ್ಷಗಳೇ ಆಗಿವೆ. ಕನ್ವರ್ಷನ್ ಬೇಕಿದ್ದರೆ ಅವರ ಹೆಸರಿಗೆ ಖಾತೆ ಆದ ಮೇಲೆ ಅವರೇ ಮಾಡಿಸಿಕೊಳ್ಳಲಿ. 'ಆಗುತ್ತೋ ಇಲ್ಲವೋ ಅನ್ನುವ ಭಯ ನಮಗೆ' ಅಂತ ಅವರು ಹೇಳಿದರೆ, ಆ ಭಯದ ಬೆಲೆ ಎಷ್ಟು ಅಂತ ಕೂತು ಮಾತಾಡಬಹುದು. ಎಕರೆಗೆ ಒಂದೆರಡು ಲಕ್ಷ ಬಿಟ್ಟರೂ 19 ಲಕ್ಷದ ಮುಂದೆ ಅದು ಕಡಿಮೆಯೇ.

ಶಿವಮೊಗ್ಗದ 6 ಕಿಲೋಮೀಟರ್ ಒಳಗೆ ಜಮೀನು ಇರುವವರಿಗೆ ಈ ದಾರಿ ಇಲ್ಲ. ಅವರಿಗೆ ಲಾಭದ ಮೇಲಿನ ತೆರಿಗೆ ಉಳಿಸಲು 54ಇಸಿ ಬಾಂಡ್ ಒಂದು ಉಪಾಯ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ಸಂಖ್ಯೆಗಳು ಬದಲಾಗಿವೆ, ಆದರೂ ಜನ ಕರೆಯುವುದು ಹಳೆಯ ಹೆಸರಿನಲ್ಲೇ. ಮಾರಿದ ದಿನದಿಂದ ಆರು ತಿಂಗಳೊಳಗೆ ಲಾಭದ ಮೊತ್ತವನ್ನು, 50 ಲಕ್ಷದ ಮಿತಿಯಲ್ಲಿ, ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿಯಂಥ ಸಂಸ್ಥೆಗಳ ಬಾಂಡಿನಲ್ಲಿ ಐದು ವರ್ಷ ಇಡಬೇಕು. 2025ರಲ್ಲಿ ಬಡ್ಡಿ ಶೇ 5.25 ಇತ್ತು, ಅದಕ್ಕೂ ತೆರಿಗೆ ಇದೆ. 38 ಲಕ್ಷ ಹಾಕಿದರೆ ಐದು ವರ್ಷದ ಬಡ್ಡಿ ಸೇರಿ ಸುಮಾರು 48 ಲಕ್ಷ. ಬಾಂಡ್ ಬೇಡವೆಂದು ತೆರಿಗೆ ಕಟ್ಟಿ ಉಳಿದ 33 ಲಕ್ಷವನ್ನು ಐದು ವರ್ಷ ಶೇ 7ರ ಸರಳ ಬಡ್ಡಿಗೆ ಇಟ್ಟರೆ ಸುಮಾರು 44 ಲಕ್ಷ 60 ಸಾವಿರ. ಹಾಗಾಗಿ ತೆರಿಗೆ ಬರುವವರಿಗೆ ಬಾಂಡ್ ಒಳ್ಳೆಯದೇ. ಬೇಸರವಾಗುವುದು ಇದರ ಉಲ್ಟಾ ನಡೆದಾಗ. ತೆರಿಗೆಯೇ ಇಲ್ಲದ ಗ್ರಾಮೀಣ ಜಮೀನು ಮಾರಿದವರೂ ಯಾರದೋ ಮಾತು ಕೇಳಿ ಈ ಬಾಂಡಿನಲ್ಲಿ ದುಡ್ಡು ಕಟ್ಟಿಹಾಕಿ ಕೂರುತ್ತಾರೆ.

ಪತ್ರ ಮಾಡಿಸುವಾಗ

ತೆರಿಗೆ ಇಲ್ಲ ಅನ್ನುವುದನ್ನು ಮುಂದೆ ತೋರಿಸಬೇಕಾಗಬಹುದು. ದೊಡ್ಡ ಮೊತ್ತದ ಕ್ರಯದ ಮಾಹಿತಿ ನೋಂದಣಿ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಹಾಗಾಗಿ ಕೆಲವು ವರ್ಷಗಳ ಪಹಣಿ, ದೂರದ ದೃಢೀಕರಣ, ಅಡಿಕೆ ಮಂಡಿಯ ಬಿಲ್ಲುಗಳನ್ನು ಕ್ರಯಪತ್ರದ ಜೊತೆ ಒಂದೇ ಫೈಲಿನಲ್ಲಿ ಇಡಿ.

ಪೌತಿ ಖಾತೆ ಆಗಿ ಪಹಣಿಯ 9ನೇ ಕಾಲಂನಲ್ಲಿ ನಾಲ್ವರ ಹೆಸರೂ ಬಂದಿರಬೇಕು. 11ನೇ ಕಾಲಂನಲ್ಲಿ ಹಳೆಯ ಬೆಳೆ ಸಾಲ ಉಳಿದಿದೆಯಾ ನೋಡಿ. ಮಲೆನಾಡಿನಲ್ಲಿ ತೋಟದ ಜೊತೆ ಸೊಪ್ಪಿನಬೆಟ್ಟವನ್ನೂ ತೋರಿಸಿ ಮಾತು ಮುಗಿಸುವ ರೂಢಿ ಇದೆ. ಬೆಟ್ಟದ ಮೇಲೆ ಇರುವುದು ಸೊಪ್ಪು ದರಗು ತರುವ ಸವಲತ್ತು ಮಾತ್ರ, ಮಾಲೀಕತ್ವ ಸರ್ಕಾರದ್ದು. ಅದನ್ನು ಎಕರೆ ಲೆಕ್ಕದಲ್ಲಿ ಸೇರಿಸಿ ದುಡ್ಡು ತೆಗೆದುಕೊಂಡರೆ ಜಗಳ ಆಮೇಲೆ ಬರುತ್ತದೆ.

ಮಗಳ ಸಹಿ 'ಹೇಗೂ ಹಾಕ್ತಾಳೆ' ಅನ್ನುವ ಸಹಿಯಲ್ಲ. ಅವಳ 40 ಲಕ್ಷ ಅವಳ ಬ್ಯಾಂಕ್ ಖಾತೆಗೇ ನೇರ ಹೋಗಬೇಕು, ಕ್ರಯಪತ್ರದಲ್ಲಿ ನಾಲ್ಕು ಪಾವತಿಗಳೂ ಬೇರೆ ಬೇರೆಯಾಗಿ ನಮೂದಾಗಬೇಕು. ಅಣ್ಣನ ಖಾತೆಗೆ ಎಲ್ಲ ಬಂದು ಆಮೇಲೆ ಹಂಚಿದರೆ ಲೆಕ್ಕವೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ತೆರಿಗೆ ಬರುವ ಜಮೀನಾದರೆ ಒಬ್ಬನೇ ಎಲ್ಲ ಲಾಭ ತೋರಿಸಿದಾಗ ಸರ್‌ಚಾರ್ಜ್ ಕೂಡ ಬೀಳುತ್ತದೆ.

ಇನ್ನು ನಗದಿನ ಮಾತು. 'ಪತ್ರದಲ್ಲಿ 80 ಲಕ್ಷ ತೋರಿಸೋಣ, ಉಳಿದದ್ದು ಕ್ಯಾಶ್' ಅಂತ ಕೊಳ್ಳುವವರು ಕೇಳಿದರೆ, ಅದರಲ್ಲಿ ಉಳಿತಾಯ ಯಾರಿಗೆ ಅಂತ ಯೋಚಿಸಿ. ಮುದ್ರಾಂಕ ಶುಲ್ಕ ಉಳಿಯುವುದು ಅವರಿಗೆ. ನಿಮ್ಮ ದುಡ್ಡಿಗೆ ಹೇಗೂ ತೆರಿಗೆ ಇಲ್ಲ. ಪೂರ್ತಿ ಪತ್ರದಲ್ಲಿ ಬಂದರೆ ಪ್ರತಿ ರೂಪಾಯಿಯೂ ಲೆಕ್ಕದ ದುಡ್ಡು. ನಗದಾಗಿ ಬಂದ ಅರ್ಧವನ್ನು ಬ್ಯಾಂಕಿನಲ್ಲಿ ಇಡಲಾಗುವುದಿಲ್ಲ, ಮೂಲ ತೋರಿಸಲಾಗುವುದಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕೂ ಮೇಲಿನ ಮೊತ್ತವನ್ನು ನಗದಾಗಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡಕ್ಕೂ ಅವಕಾಶವಿದೆ. ಕೊನೆಗೆ ಆ ನಗದು ಹೋಗಿ ಸೇರುವುದು ನಗದನ್ನೇ ಕೇಳುವ ಕಡೆಗೆ: ಕೈಸಾಲಕ್ಕೆ, ಕಾಗದ ಸರಿಯಿಲ್ಲದ ಸೈಟಿಗೆ.

ಅಮ್ಮನ 40 ಲಕ್ಷ, ಹಿರಿಯ ಮಗನ 40 ಲಕ್ಷ

ದುಡ್ಡು ಖಾತೆಗೆ ಬಂದ ವಾರದೊಳಗೆ ಬ್ಯಾಂಕಿನಿಂದ ಫೋನ್ ಬರುತ್ತದೆ. 'ಅಮ್ಮಾ, ಒಳ್ಳೆಯ ಸ್ಕೀಮ್ ಇದೆ, ಒಮ್ಮೆ ಬಂದು ಹೋಗಿ.' ಬಹಳ ಸಲ ಆ ಸ್ಕೀಮ್ ಅಂದರೆ ವರ್ಷ ವರ್ಷ ಕಂತು ಕಟ್ಟುವ ವಿಮೆ. 68ರ ವಯಸ್ಸಿನಲ್ಲಿ ಅವಲಂಬಿತರು ಯಾರೂ ಇಲ್ಲದ ಅಮ್ಮನಿಗೆ ವಿಮೆ ಬೇಕಿಲ್ಲ. ಗೊತ್ತಿಲ್ಲದೆ ಸಹಿ ಮಾಡಿದ್ದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು.

ಅಮ್ಮನಿಗೆ ಬೇಕಾದದ್ದು ತೋಟ ಕೊಡುತ್ತಿದ್ದಂತೆ ಕೈಗೆ ಬರುವ ಆದಾಯ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಅದಕ್ಕೆ ಹೇಳಿ ಮಾಡಿಸಿದ್ದು. ಅಂಚೆ ಕಚೇರಿಯಲ್ಲಿ ಅಥವಾ ಸರ್ಕಾರಿ ಬ್ಯಾಂಕಿನಲ್ಲಿ ತೆರೆಯಬಹುದು, ಒಬ್ಬರಿಗೆ 30 ಲಕ್ಷ ಮಿತಿ. 2025ರಲ್ಲಿ ಬಡ್ಡಿ ಶೇ 8.2 ಇತ್ತು, ತೆರೆದ ದಿನದ ದರ ಐದು ವರ್ಷ ಹಾಗೇ ಇರುತ್ತದೆ. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20 ಸಾವಿರದ ಮೇಲೆ. ವರ್ಷಕ್ಕೆ 2 ಲಕ್ಷ 46 ಸಾವಿರ. ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ಇದಕ್ಕೆ ತೆರಿಗೆ ಬೀಳುವುದಿಲ್ಲ.

ಉಳಿದ 10 ಲಕ್ಷದಲ್ಲಿ ನಾಲ್ಕೂವರೆ ನಾಲ್ಕೂವರೆ ಲಕ್ಷದಂತೆ ಎರಡು ಬೇರೆ ಬ್ಯಾಂಕುಗಳಲ್ಲಿ ಠೇವಣಿ, ಒಂದು ಲಕ್ಷ ಕೈಗೆ ಸಿಗುವ ಉಳಿತಾಯ ಖಾತೆಯಲ್ಲಿ. ನಾಲ್ಕೂವರೆ ಯಾಕೆ ಅಂದರೆ, ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎಲ್ಲ ಸೇರಿ 5 ಲಕ್ಷದವರೆಗೆ ಮಾತ್ರ. ಠೇವಣಿಯ 9 ಲಕ್ಷವನ್ನು ಮುಟ್ಟದೆ ಬೆಳೆಯಲು ಬಿಡಬೇಕು. 61,500 ಐದು ವರ್ಷವೂ ಅಷ್ಟೇ ಇರುತ್ತದೆ, ಆದರೆ ಔಷಧಿ ಖರ್ಚು ಏರುತ್ತಲೇ ಹೋಗುತ್ತದೆ. ಆ ಕೊರತೆ ತುಂಬಲು ಇದು. ಅಮ್ಮನ ದುಡ್ಡಿನಲ್ಲಿ ಷೇರು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

42 ವರ್ಷದ ಹಿರಿಯ ಮಗನ ಲೆಕ್ಕ ಬೇರೆ. ಅವನ ಮನೆ ಸಾಲ 12 ಲಕ್ಷ ಬಾಕಿ ಇದೆ. ಅದನ್ನು ಮೊದಲು ತೀರಿಸುವುದು ಒಳ್ಳೆಯದು. ಕಟ್ಟುತ್ತಿದ್ದ ಬಡ್ಡಿ ಉಳಿಯುವುದು ಖಚಿತ, ಬೇರೆ ಯಾವ ಹೂಡಿಕೆಯೂ ಅಷ್ಟು ಖಚಿತವಾಗಿ ಅಷ್ಟು ಕೊಡುವುದಿಲ್ಲ. 4 ಲಕ್ಷ ತುರ್ತಿಗೆ. 12 ಲಕ್ಷ ಒಂದು, ಎರಡು, ಮೂರು ವರ್ಷಕ್ಕೆ ಮುಗಿಯುವ ಠೇವಣಿಗಳಲ್ಲಿ. ಉಳಿದ 12 ಲಕ್ಷ ಐವತ್ತು ದೊಡ್ಡ ಕಂಪನಿಗಳ ನಿಫ್ಟಿ ಸೂಚ್ಯಂಕದ ಮ್ಯೂಚುವಲ್ ಫಂಡಿಗೆ. ಅದು ಒಂದೇ ದಿನ ಹೋಗುವುದಿಲ್ಲ. ಮೊದಲು ಪೂರ್ತಿ 12 ಲಕ್ಷ ಅಲ್ಪಾವಧಿ ಸಾಲಪತ್ರಗಳಲ್ಲಿ ದುಡ್ಡಿಡುವ ಲಿಕ್ವಿಡ್ ಫಂಡಿಗೆ, ಅಲ್ಲಿಂದ ಪ್ರತಿ ತಿಂಗಳೂ 50 ಸಾವಿರ ತಾನಾಗಿಯೇ ಸೂಚ್ಯಂಕ ಫಂಡಿಗೆ, 24 ತಿಂಗಳು. ಇದಕ್ಕೆ ಎಸ್‌ಟಿಪಿ ಅನ್ನುತ್ತಾರೆ. ಪ್ರತಿ ವರ್ಗಾವಣೆಯೂ ತೆರಿಗೆ ಲೆಕ್ಕದಲ್ಲಿ ಲಿಕ್ವಿಡ್ ಫಂಡಿನ ಮಾರಾಟವೇ, ಅದರಲ್ಲಿನ ಸಣ್ಣ ಲಾಭವನ್ನು ರಿಟರ್ನ್‌ನಲ್ಲಿ ತೋರಿಸಬೇಕು.

ಕಂತು ಕಂತಾಗಿ ಹಾಕುವುದರಿಂದ ಲಾಭ ಜಾಸ್ತಿ ಬರುತ್ತದೆ ಅನ್ನುವುದು ನಿಜವಲ್ಲ. ಮಾರುಕಟ್ಟೆ ಬೀಳುವ ವರ್ಷಗಳಿಗಿಂತ ಏರುವ ವರ್ಷಗಳು ಹೆಚ್ಚು, ಹಾಗಾಗಿ ಸರಾಸರಿಯಲ್ಲಿ ಒಟ್ಟಿಗೇ ಹಾಕಿದವರು ಮುಂದಿರುತ್ತಾರೆ. ತಿಂಗಳಿಗೆ ಶೇ 1ರಂತೆ ಎರಡು ವರ್ಷ ಸುಮ್ನೆ ಏರುತ್ತಲೇ ಹೋಯಿತು ಅನ್ನಿ. ಒಟ್ಟಿಗೆ ಹಾಕಿದ 12 ಲಕ್ಷ ಸುಮಾರು 15 ಲಕ್ಷ 24 ಸಾವಿರ ಆಗುತ್ತದೆ. ಕಂತಿನಲ್ಲಿ ಹಾಕಿದವನಿಗೆ ಲಿಕ್ವಿಡ್ ಫಂಡಿನ ಗಳಿಕೆ ಸೇರಿಯೂ ಒಂದು ಲಕ್ಷದಷ್ಟು ಕಡಿಮೆ.

ಹಾಗಿದ್ದರೂ ಯಾಕೆ ಕಂತು? ಉದಾಹರಣೆಗೆ 2008 ತೆಗೆದುಕೊಳ್ಳಿ. ಜನವರಿಯಲ್ಲಿ 6,200 ದಾಟಿದ್ದ ನಿಫ್ಟಿ ಅದೇ ವರ್ಷದ ಅಕ್ಟೋಬರ್ ಕೊನೆಯ ವಾರದಲ್ಲಿ 2,600ಕ್ಕಿಂತ ಕೆಳಗೆ ಇಳಿದಿತ್ತು. 2020ರ ಜನವರಿಯಿಂದ ಮಾರ್ಚ್ ನಡುವೆಯೂ ಶೇ 38ರಷ್ಟು ಬಿತ್ತು. ಶುರು ಮಾಡಿದ ಮೂರೇ ತಿಂಗಳಿಗೆ ಶೇ 40 ಬಿದ್ದರೆ ಕಂತಿನವನ ಒಳಗಿರುವ ಒಂದೂವರೆ ಲಕ್ಷದಲ್ಲಿ 60 ಸಾವಿರ ಕಡಿಮೆ ಕಾಣುತ್ತದೆ. ಒಟ್ಟಿಗೆ ಹಾಕಿದವನಿಗೆ 4 ಲಕ್ಷ 80 ಸಾವಿರ. ಷೇರು ಪೇಟೆಯನ್ನು ಕಂಡೇ ಇಲ್ಲದ, ಅಪ್ಪನ ತೋಟದ ದುಡ್ಡು ಹಾಕಿದ ಮನುಷ್ಯ ಆ 4 ಲಕ್ಷ 80 ಸಾವಿರವನ್ನು ನೋಡಿ ಎಲ್ಲವನ್ನೂ ತಳದಲ್ಲೇ ಮಾರಿ ಹೊರಬರುತ್ತಾನೆ. ಕಾಗದದ ಮೇಲಿನ ನಷ್ಟ ಆಗ ನಿಜವಾದ ನಷ್ಟವಾಗುತ್ತದೆ. ಕಂತು ಇರುವುದು ಅವನನ್ನು ಪೇಟೆಯಲ್ಲಿ ಉಳಿಸುವುದಕ್ಕೆ. ಆ ಒಂದು ಲಕ್ಷವನ್ನು ನಾನು ಅದರ ಖರ್ಚು ಅಂತ ನೋಡುತ್ತೇನೆ.

ಇದಕ್ಕೂ ಒಂದು ಮಿತಿ ಇದೆ, ಅದನ್ನು ಫಂಡ್ ಮಾರುವವರು ಯಾರೂ ಹೇಳುವುದಿಲ್ಲ. 24 ತಿಂಗಳು ಮುಗಿದ ಮೇಲೆ 12 ಲಕ್ಷವೂ ಒಳಗಿರುತ್ತದೆ. 25ನೇ ತಿಂಗಳಲ್ಲಿ ಪೇಟೆ ಬಿದ್ದರೆ ಕಂತು ಕಾಪಾಡುವುದಿಲ್ಲ. ಆಗ ಕಾಪಾಡುವುದು 40ರಲ್ಲಿ 12 ಮಾತ್ರ ಅಲ್ಲಿದೆ ಅನ್ನುವ ಪ್ರಮಾಣ. ಪ್ರಮಾಣವನ್ನು ಮೊದಲು ತೀರ್ಮಾನಿಸಿ, ಆಮೇಲೆ ಕಂತಿನ ಸಂಖ್ಯೆ. ತಾರೀಕು, ಮೊತ್ತ ಎರಡನ್ನೂ ಶುರುವಿನಲ್ಲೇ ಬರೆದಿಡಬೇಕು. ಎಡವಟ್ಟಾಗುವುದು ಎಲ್ಲಿ ಅಂದರೆ, ಪೇಟೆ ಬೀಳುತ್ತಿರುವಾಗ 'ಸ್ವಲ್ಪ ತಣ್ಣಗಾಗಲಿ' ಅಂತ ಎಸ್‌ಟಿಪಿ ನಿಲ್ಲಿಸುತ್ತಾರೆ, ಎಲ್ಲ ಏರಿದ ಮೇಲೆ ಉಳಿದದ್ದನ್ನು ಒಂದೇ ಸಲ ಹಾಕುತ್ತಾರೆ. ಅಗ್ಗದಲ್ಲಿ ಸಿಗಬೇಕಿದ್ದ ಕಂತುಗಳೇ ತಪ್ಪಿಹೋಗುತ್ತವೆ.

ಮಾರಿದ ಮೇಲೂ ಉಳಿಯುವ ಅಡಿಕೆ

ಈಗ ಕಿರಿಯ ಮಗ. ಅವನ ಮುಂದೆ ಮೂರು ಮಾತು ಬಂದಿವೆ. ಶಿವಮೊಗ್ಗದ ಹೊರಗೆ ಇನ್ನೂ ಬಿಡುಗಡೆಯಾಗದ ಬಡಾವಣೆಯಲ್ಲಿ 'ಪ್ರೀ ಲಾಂಚ್' ದರದ ಎರಡು ಸೈಟು. ಪರಿಚಯದವರ ಸೌಹಾರ್ದ ಸಹಕಾರಿಯಲ್ಲಿ ಶೇ 10 ಬಡ್ಡಿ. ಗೆಳೆಯನೊಬ್ಬನ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಟ್ರೇಡಿಂಗ್, ಅಂದರೆ ಷೇರುಗಳ ಮುಂದಿನ ದರದ ಮೇಲೆ ಬಾಜಿ. ಮೂರನೆಯದಕ್ಕೆ ಜಾಸ್ತಿ ಮಾತು ಬೇಡ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ಹಣ ಕಳೆದುಕೊಂಡಿದ್ದಾರೆ ಅಂತ ಷೇರು ಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಹಾಕಿ ಹೇಳಿದೆ.

ಸೈಟಿನ ವಿಷಯದಲ್ಲಿ ಪರೀಕ್ಷೆ ಸುಲಭ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿ ಆಗದೆ ಜಾಹೀರಾತು ಮಾಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ನೋಂದಣಿ ಆದ ಮೇಲೂ ಕರಾರುಪತ್ರ ನೋಂದಾಯಿಸದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ರೇರಾ ಸಂಖ್ಯೆ ಕೇಳಿದಾಗ 'ಪ್ರೋಸೆಸ್‌ನಲ್ಲಿದೆ ಸಾರ್' ಅನ್ನುವ ಉತ್ತರ ಬಂದರೆ ಅಲ್ಲಿಗೆ ಮಾತು ನಿಲ್ಲಿಸಬಹುದು.

ಸೌಹಾರ್ದ ಸಹಕಾರಿಯ ವಿಷಯ ಕಷ್ಟದ್ದು, ಯಾಕೆಂದರೆ ಅದು ಜೂಜಿನಂತೆ ಕಾಣುವುದೇ ಇಲ್ಲ. ನಮ್ಮವರೇ ನಿರ್ದೇಶಕರು, ಕಚೇರಿ ಪೇಟೆ ಬೀದಿಯಲ್ಲಿದೆ, ಕಷ್ಟಕಾಲದಲ್ಲಿ ಸಾಲ ಕೊಟ್ಟಿದ್ದಾರೆ. ಚೆನ್ನಾಗಿ ನಡೆಯುವ ಸಂಘಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಆದರೂ ಒಂದು ಸಂಗತಿ ತಿಳಿದಿರಲೇಬೇಕು. 5 ಲಕ್ಷದ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ. ಪಟ್ಟಣ ಸಹಕಾರ ಬ್ಯಾಂಕು, ಡಿಸಿಸಿ ಬ್ಯಾಂಕು ಅದರಲ್ಲಿ ಬರುತ್ತವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘ ಬರುವುದಿಲ್ಲ. ಅಲ್ಲಿ ಇಟ್ಟ 40 ಲಕ್ಷದಲ್ಲಿ ವಿಮೆ ಇರುವುದು ಸೊನ್ನೆ ರೂಪಾಯಿಗೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಆ ಸಂಘ ನಮ್ಮ ಠೇವಣಿಯನ್ನು ಯಾರಿಗೆ ಸಾಲ ಕೊಟ್ಟಿದೆ? ಅಡಿಕೆ ಬೆಳೆಗಾರರಿಗೆ, ಅಡಿಕೆ ವ್ಯಾಪಾರಿಗಳಿಗೆ, ಅಡಿಕೆ ದುಡ್ಡಲ್ಲಿ ಮನೆ ಕಟ್ಟುವವರಿಗೆ. ಅಡಿಕೆ ದರ ಕುಸಿದರೆ ಅಥವಾ ಎಲೆಚುಕ್ಕೆ ರೋಗ ಇನ್ನಷ್ಟು ತೋಟಗಳಿಗೆ ಹಬ್ಬಿದರೆ ಇವರೆಲ್ಲರ ಕಂತು ಒಟ್ಟಿಗೇ ನಿಲ್ಲುತ್ತದೆ. ಆ ಹೊತ್ತಿಗೆ ಶಿವಮೊಗ್ಗದ ಸೈಟಿಗೂ ಗಿರಾಕಿ ಇರುವುದಿಲ್ಲ. ಕಿರಿಯ ಮಗನ ಅಂಗಡಿಯ ವ್ಯಾಪಾರವೂ ಬೀಳುತ್ತದೆ, ಕೊಯ್ಲಿನ ದುಡ್ಡು ಪೇಟೆಗೆ ಬಂದಾಗಲೇ ಅವನ ಗಲ್ಲಾ ತುಂಬುವುದು. ತೋಟ ಮಾರಿದ್ದು ಅಡಿಕೆಯ ರಗಳೆ ಬೇಡವೆಂದು. ಆದರೆ ದುಡ್ಡನ್ನು ಸೌಹಾರ್ದಕ್ಕೆ, ಊರಿನ ಸೈಟಿಗೆ, ಅಂಗಡಿಗೆ ಹಾಕಿದರೆ ಮೂರೂ ಅಡಿಕೆಯ ಮೇಲೇ ನಿಂತಿರುತ್ತವೆ. ಹೆಸರು ಮೂರಾದರೂ ಬಾಜಿ ಒಂದೇ, ಅದೂ ಮರಗಳಿಲ್ಲದ ಬಾಜಿ. ತೋಟವಿದ್ದಾಗ ದರ ಬಿದ್ದರೂ ಮುಂದಿನ ವರ್ಷ ಫಸಲಾದರೂ ಬರುತ್ತಿತ್ತು.

ಹಾಗಾಗಿ ಅವನಿಗೆ ನಾನು ಹೇಳುವುದು, 40 ಲಕ್ಷದಲ್ಲಿ ಊರಿನ ಆರ್ಥಿಕತೆಗೆ ಅಂಟಿಕೊಂಡಿರುವ ಎಲ್ಲವೂ ಸೇರಿ 8 ಲಕ್ಷ ಮೀರದಿರಲಿ. ಅಂಗಡಿಗೆ ಬೇಕಿದ್ದರೆ ಅದರಲ್ಲೇ ತೆಗೆಯಲಿ. ಸಂಘದಲ್ಲಿ ಇಡಲೇಬೇಕು ಅನ್ನಿಸಿದರೆ ಎರಡು ಮೂರು ಲಕ್ಷ, ಅದೂ ಒಂದು ವರ್ಷದ ಠೇವಣಿ. ಇಡುವ ಮೊದಲು ವಾರ್ಷಿಕ ವರದಿ ಕೇಳಿ ಪಡೆದು ಆಡಿಟ್ ವರ್ಗೀಕರಣ ಏನಿದೆ, ಸುಸ್ತಿ ಸಾಲ ಹೋದ ವರ್ಷಕ್ಕಿಂತ ಎಷ್ಟು ಏರಿದೆ ಅಂತ ನೋಡಲಿ. ಅವಧಿ ಮುಗಿದ ದಿನ ದುಡ್ಡು ವಾಪಸ್ ಕೇಳಿದಾಗ 'ಇನ್ನೊಂದು ವರ್ಷಕ್ಕೆ ರಿನ್ಯೂ ಮಾಡಿ, ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತೇವೆ' ಅಂತ ಒತ್ತಾಯ ಬಂದರೆ ಆವತ್ತೇ ತೆಗೆಯಬೇಕು. ಉಳಿದ 32 ಲಕ್ಷ ಅಣ್ಣನದರಂತೆಯೇ ಹೋಗಲಿ: ಸಾಲವಿದ್ದರೆ ಮೊದಲು ಸಾಲಕ್ಕೆ, ಆಮೇಲೆ ವಿಮೆಯ ಮಿತಿ ನೋಡಿಕೊಂಡು ಎರಡು ಮೂರು ಬ್ಯಾಂಕುಗಳ ಠೇವಣಿಗೆ, ಮತ್ತೆ ಒಂದು ಭಾಗ ಕಂತಿನಲ್ಲಿ ಸೂಚ್ಯಂಕ ಫಂಡಿಗೆ. ಆ ಫಂಡಿನಲ್ಲಿರುವ ಐವತ್ತು ಕಂಪನಿಗಳಲ್ಲಿ ಒಂದಾದರೂ ಅಡಿಕೆ ದರ ನೋಡಿಕೊಂಡು ಬದುಕುವುದಿಲ್ಲ.